ಕಸ್ಟಮ್ಸ್ ಆರ್ಡರ್ ಬಂದಿದೆ. ಅರವತ್ತು ದಿನ ಯಾವತ್ತಿನಿಂದ ಲೆಕ್ಕ?

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜದ ಫ್ಯಾಕ್ಟರಿ ಉಂಟು. ಈ ವರ್ಷ ಮೊದಲ ಸಲ ಚೀನಾದಿಂದ ಎರಡು ವ್ಯಾಕ್ಯೂಮ್ ಪ್ಯಾಕಿಂಗ್ ಮೆಷಿನ್ ತರಿಸಿದೆ. ಪಣಂಬೂರಿನ ಬಂದರಿಗೆ ಬಂತು. ಒಂದಕ್ಕೆ 9 ಲಕ್ಷ, ಎರಡಕ್ಕೆ 18 ಲಕ್ಷ ಅಂತ ಬೆಲೆ ತೋರಿಸಿ ಕಸ್ಟಮ್ಸಿಗೆ ಆಮದಿನ ಬಿಲ್ ಆಫ್ ಎಂಟ್ರಿ ಹಾಕಿದೆವು. ಬ್ಯಾಂಕಿನ ಮೂಲಕ ಕಳಿಸಿದ್ದೂ ಅಷ್ಟೇ.

ಇದೇ ತರದ ಮೆಷಿನನ್ನು ಬೇರೆಯವರು 13 ಲಕ್ಷಕ್ಕೆ ತರಿಸಿದ್ದಾರೆ, ನಿಮ್ಮದು ಕಡಿಮೆ ಆಯ್ತು ಅಂತ ಆಫೀಸರು ಹೇಳಿದರು. ನಾನು ಒಪ್ಪಲಿಲ್ಲ. ಜುಲೈ 1ಕ್ಕೆ ಅವರೇ 26 ಲಕ್ಷಕ್ಕೆ ಏರಿಸಿದರು. ಮಾಲು ಬಂದರಿನಲ್ಲೇ ನಿಂತದ್ದಕ್ಕೆ ಕಟ್ಟಬೇಕಾದ ಡೆಮರೇಜ್ ಏರುತ್ತಿತ್ತು. ಪ್ರತಿಭಟನೆಯ ಮೇಲೆ ಕಟ್ಟುತ್ತಿದ್ದೇನೆ ಅಂತ ಬರೆದು ಕೊಟ್ಟು, ಆ ಬೆಲೆಯ ಮೇಲಿನ ಪೂರ್ತಿ ಡ್ಯೂಟಿ ಕಟ್ಟಿ ಮೆಷಿನ್ ಬಿಡಿಸಿಕೊಂಡೆ. ಹೆಚ್ಚಿಗೆ ಹೋದದ್ದು 2,21,880 ರೂಪಾಯಿ.

ಈಗ ಎಂಟು ಪುಟದ ಇಂಗ್ಲಿಷ್ ಆರ್ಡರ್ ಬಂದಿದೆ. ತಾರೀಕು ಜುಲೈ 14. ನನ್ನ ಕಸ್ಟಮ್ಸ್ ಬ್ರೋಕರ್, ಅಂದರೆ ಸಿ.ಎಚ್.ಎ., ಅದನ್ನು ವಾಟ್ಸಾಪಿನಲ್ಲಿ ಕಳಿಸಿದ್ದು ಆಗಸ್ಟ್ 9ಕ್ಕೆ. ಕಾಗದ ಕೈಗೆ ಬಂದದ್ದು ಆಗಸ್ಟ್ 20ಕ್ಕೆ. ನಡುವೆ ಚೌತಿ ಗಡಿಬಿಡಿ. ಡಿಕ್ಷನರಿ ಹಿಡಿದು ಕೂತರೂ ನನಗೆ ತಲೆಬುಡ ಗೊತ್ತಾಗಲಿಲ್ಲ. ಇನ್ನೂ ಹಣ ಕಟ್ಟಬೇಕಾ? ಅಪೀಲು ಹಾಕಲು ಯಾವತ್ತಿನವರೆಗೆ ಸಮಯ? ಗೊತ್ತಿದ್ದವರು ಸ್ವಲ್ಪ ಕನ್ನಡದಲ್ಲಿ ಹೇಳಿ.

ಉಡುಪಿ ಲೆಕ್ಕಿಗ · ಸೆಪ್ಟೆಂಬರ್ 3, ರಾತ್ರಿ 10:15

ಗಾಬರಿ ಬೇಡ. ಅಪೀಲಿಗೆ ಮೂರು ತಿಂಗಳು ಸಮಯ ಉಂಟು. ನಿಮ್ಮ ಕೈಗೆ ಬಂದ ದಿನದಿಂದ ಲೆಕ್ಕ, ಅಂದರೆ ನವೆಂಬರ್ ತನಕ ಆರಾಮ. ಹತ್ತು ಪರ್ಸೆಂಟ್ ಮೊದಲೇ ಕಟ್ಟಬೇಕು. ಮೊದಲು ಮಳೆ ನಿಲ್ಲಲಿ, ಆಮೇಲೆ ಒಬ್ಬ ವಕೀಲರನ್ನು ನೋಡಿ.

ಕುಳಾಯಿ ಅಕ್ಕ · ಸೆಪ್ಟೆಂಬರ್ 4, ಬೆಳಿಗ್ಗೆ 6:50

ಲೆಕ್ಕಿಗರೇ, ಅದು ಜಿ.ಎಸ್.ಟಿ. ಲೆಕ್ಕ. ಅಲ್ಲಿ ಮೊದಲ ಅಪೀಲಿಗೆ ಮೂರು ತಿಂಗಳು, ಹತ್ತು ಪರ್ಸೆಂಟ್. ಕಸ್ಟಮ್ಸಿನಲ್ಲೂ ಮೂರು ತಿಂಗಳು ಅನ್ನುವ ಮಾತು ಬರುತ್ತದೆ, ಆದರೆ ಅದು ಟ್ರಿಬ್ಯೂನಲ್‌ಗೆ ಹೋಗುವಾಗ. ಇವರು ಹೋಗಬೇಕಾದದ್ದು ಅಲ್ಲಿಗಲ್ಲ.

ಕಾರ್ಕಳದವರೇ, ನಿಮ್ಮ ಆರ್ಡರಿನ ಕೊನೆಯ ಪುಟದಲ್ಲಿ ಸಹಿ ಯಾರದ್ದು ನೋಡಿ. ಅಸಿಸ್ಟೆಂಟ್ ಕಮಿಷನರ್ ಅಥವಾ ಡೆಪ್ಯುಟಿ ಕಮಿಷನರ್ ಅಂತ ಇದ್ದರೆ ಅಪೀಲು ಕಮಿಷನರ್ ಅಪೀಲ್ಸ್ ಅವರಿಗೆ. ಕಸ್ಟಮ್ಸ್ ಕಾಯಿದೆಯ 128ನೇ ಸೆಕ್ಷನ್. ಸಮಯ 60 ದಿನ ಮಾತ್ರ. ಸಹಿ ಕಮಿಷನರ್ ಅವರದ್ದೇ ಆಗಿದ್ದರೆ ನೇರ ಬೆಂಗಳೂರಿನ ಟ್ರಿಬ್ಯೂನಲ್‌ಗೆ, ಆಗ ಮೂರು ತಿಂಗಳು. ನಿಮ್ಮ ಮೊತ್ತಕ್ಕೆ ಕಮಿಷನರ್ ಸಹಿ ಇರುವ ಹಾಗಿಲ್ಲ.

ಇನ್ನು ಆರ್ಡರ್ ಓದುವ ಕೆಲಸ. ಎಂಟು ಪುಟವನ್ನು ಮೊದಲಿನಿಂದ ಓದಬೇಡಿ, ಯಾರಿಗೂ ಅರ್ಥ ಆಗುವುದಿಲ್ಲ. ಕೊನೆಯಿಂದ ಓದಿ. ಕೊನೆಯಲ್ಲಿ ‘ಆರ್ಡರ್’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದರ ಕೆಳಗೆ ಎರಡೋ ಮೂರೋ ಸಾಲು. ಅಷ್ಟೇ ತೀರ್ಮಾನ. ಮುಂಚಿನದ್ದೆಲ್ಲ ಕತೆ ಮತ್ತು ಕಾರಣ. ಆಮೇಲೆ ಮೊದಲ ಪುಟಕ್ಕೆ ಬನ್ನಿ. ಅಲ್ಲಿ ಅಪೀಲು ಎಲ್ಲಿಗೆ, ಎಷ್ಟು ದಿನದಲ್ಲಿ, ಯಾವ ಫಾರ್ಮಿನಲ್ಲಿ ಅಂತ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಆ ಎರಡು ಭಾಗ ಇಲ್ಲಿ ಬರೆಯಿರಿ. ಹೆಸರು, ನಂಬರ್ ಹಾಕಬೇಡಿ.

ಬಜ್ಪೆ ಬಾಬಣ್ಣ · ಸೆಪ್ಟೆಂಬರ್ 4, ಬೆಳಿಗ್ಗೆ 8:05

ನಮ್ಮದೂ ಇದೇ ಕತೆ. ತಮ್ಮ ದುಬಾಯಿಯಿಂದ ಬರುವಾಗ ಏರ್‌ಪೋರ್ಟಿನಲ್ಲಿ ಹೆಂಡತಿಯ ಎರಡು ಬಳೆ ಹಿಡಿದಿಟ್ಟುಕೊಂಡರು. ಈಗ ಆರ್ಡರ್ ಬಂದಿದೆ. ನಮಗೂ ಬೆಂಗಳೂರಿನ ಟ್ರಿಬ್ಯೂನಲ್ ಆಗುತ್ತದಾ ಅಕ್ಕ?

ಕುಳಾಯಿ ಅಕ್ಕ · ಸೆಪ್ಟೆಂಬರ್ 4, ಬೆಳಿಗ್ಗೆ 8:30

ಬಾಬಣ್ಣ, ನಿಮ್ಮದು ಬ್ಯಾಗೇಜ್. ಮೊದಲ ಮೆಟ್ಟಿಲು ಒಂದೇ, 60 ದಿನ. ಅಲ್ಲಿ ಸೋತರೆ ದಾರಿ ಬೇರೆ. ಬ್ಯಾಗೇಜ್ ವಿಷಯ ಟ್ರಿಬ್ಯೂನಲ್‌ಗೆ ಹೋಗುವುದಿಲ್ಲ, ಕೇಂದ್ರ ಸರ್ಕಾರಕ್ಕೆ ರಿವಿಷನ್ ಅರ್ಜಿ ಹಾಕಬೇಕು. ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಎರಡೂ ಕಲಸಿಹೋಗುತ್ತದೆ.

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 4, ಮಧ್ಯಾಹ್ನ 1:20

ಅಕ್ಕ, ನೀವು ಹೇಳಿದ ಹಾಗೆ ಹಿಂದಿನಿಂದ ಓದಿದೆ. ಈಗ ಸ್ವಲ್ಪ ಗೊತ್ತಾಯಿತು. ಸಹಿ ಅಸಿಸ್ಟೆಂಟ್ ಕಮಿಷನರದ್ದೇ. ಕೊನೆಯಲ್ಲಿ ಎರಡು ಸಾಲು. ನಾವು ಹೇಳಿದ ಬೆಲೆಯನ್ನು ಮೌಲ್ಯ ನಿಯಮ 12ರ ಪ್ರಕಾರ ತಿರಸ್ಕರಿಸಿದೆ ಅಂತ ಒಂದು. ನಿಯಮ 5ರ ಪ್ರಕಾರ 26 ಲಕ್ಷ ಅಂತ ನಿಗದಿ ಮಾಡಿ, 17ನೇ ಸೆಕ್ಷನ್ನಿನ ಅಡಿಯಲ್ಲಿ ಮರು ಅಸೆಸ್ ಮಾಡಿದೆ ಅಂತ ಇನ್ನೊಂದು. ದಂಡದ ಮಾತು ಎಲ್ಲೂ ಇಲ್ಲ. ಮೊದಲ ಪುಟದಲ್ಲಿ ಕಮಿಷನರ್ ಅಪೀಲ್ಸ್, ಬೆಂಗಳೂರು ಅಂತ ವಿಳಾಸ. ಫಾರ್ಮ್ ಸಿ.ಎ.-1 ಅಂತ ಉಂಟು.

ಹಾಗಾದರೆ ಆಗಸ್ಟ್ 20ರಿಂದ 60 ದಿನ, ಅಕ್ಟೋಬರ್ ತನಕ ಸಮಯ ಉಂಟಲ್ವಾ?

ಕುಳಾಯಿ ಅಕ್ಕ · ಸೆಪ್ಟೆಂಬರ್ 4, ಮಧ್ಯಾಹ್ನ 2:10

ಅದೇ ಈಗ ನೋಡಬೇಕಾದದ್ದು. ಕಾಯಿದೆಯಲ್ಲಿ ಆರ್ಡರ್ ‘ತಿಳಿಸಿದ ದಿನದಿಂದ’ ಅಂತ ಇದೆ. ಆರ್ಡರಿನ ಮೇಲಿನ ತಾರೀಕು ಅಲ್ಲ, ನೀವು ಓದಿದ ತಾರೀಕೂ ಅಲ್ಲ. ತಿಳಿಸುವುದು ಅಂದರೆ ಹೇಗೆ ಅಂತ 153ನೇ ಸೆಕ್ಷನ್ನಿನಲ್ಲಿ ಬರೆದಿದ್ದಾರೆ. ಕೈಗೆ ಕೊಡಬಹುದು, ಸ್ಪೀಡ್ ಪೋಸ್ಟ್ ಹಾಕಬಹುದು, ಇಮೇಲ್ ಕಳಿಸಬಹುದು. ಕೈಗೆ ಕೊಡುವುದು ಅನ್ನುವಲ್ಲಿ ಆಮದುದಾರನಿಗೆ ಅಥವಾ ಅವನ ಕಸ್ಟಮ್ಸ್ ಬ್ರೋಕರ್‌ಗೆ ಅಂತ ಸ್ಪಷ್ಟವಾಗಿ ಉಂಟು.

ಅಂದರೆ ನಿಮ್ಮ ಸಿ.ಎಚ್.ಎ. ಆಫೀಸಿನ ಹುಡುಗ ಪಣಂಬೂರಿನಲ್ಲಿ ಸಹಿ ಹಾಕಿ ಆರ್ಡರ್ ತೆಗೆದುಕೊಂಡಿದ್ದರೆ, ಇಲಾಖೆಯ ಲೆಕ್ಕದಲ್ಲಿ ನಿಮಗೆ ಅವತ್ತೇ ತಲುಪಿತು. ಅವನು ಅದನ್ನು ಡ್ರಾಯರಿನಲ್ಲಿ ಎಷ್ಟು ದಿನ ಇಟ್ಟ ಅನ್ನುವುದನ್ನು ಅವರು ಕೇಳುವುದಿಲ್ಲ. ಇವತ್ತೇ ಫೋನ್ ಮಾಡಿ. ಯಾವತ್ತು, ಯಾರು, ಹೇಗೆ ತೆಗೆದುಕೊಂಡರು ಅಂತ ಕೇಳಿ. ಬಾಯಿಮಾತು ಬೇಡ. ಅವರ ಇನ್‌ವರ್ಡ್ ರಿಜಿಸ್ಟರಿನ ಫೋಟೊ ಕೇಳಿ. ನಿಮ್ಮ ಇಮೇಲಿನ ಸ್ಪ್ಯಾಮ್ ಕೂಡ ನೋಡಿ. ಕಸ್ಟಮ್ಸಿನ ವೆಬ್‌ಸೈಟ್ ಐಸ್‌ಗೇಟಿಗೆ ಕೊಟ್ಟ ಇಮೇಲ್ ಯಾವುದು ಅಂತ ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ.

ಬಂದರ್ ಪಾಸ್ · ಸೆಪ್ಟೆಂಬರ್ 4, ಸಂಜೆ 5:45

ನಾನೂ ಸಿ.ಎಚ್.ಎ. ಲೈನಿನಲ್ಲೇ ಇರುವವನು. ಇವರ ಕೆಲಸ ಮಾಡಿದ್ದು ನಾನಲ್ಲ. ಆದರೂ ಹೇಳುತ್ತೇನೆ, ಎಲ್ಲದಕ್ಕೂ ಸಿ.ಎಚ್.ಎ. ಮೇಲೆ ಹಾಕಬೇಡಿ ಮಾರಾಯ್ರೆ. ಮಾಲು ಹೊರಗೆ ಬಿಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು. ಆಮೇಲೆ ಬರುವ ಕಾಗದಕ್ಕೆ ನಮಗೆ ಯಾರೂ ದುಡ್ಡು ಕೊಡುವುದಿಲ್ಲ. ಕ್ಲಿಯರೆನ್ಸ್ ಆದ ಮೇಲೆ ನಾವು ಅವರ ಬ್ರೋಕರ್ ಹೇಗಾಗುತ್ತೇವೆ?

ಇನ್ನೊಂದು. ಅಪೀಲು ಗಿಪೀಲು ಯಾಕೆ? ಹೆಚ್ಚಿಗೆ ಕಟ್ಟಿದ್ದಕ್ಕೆ ಒಂದು ವರ್ಷದೊಳಗೆ ರೀಫಂಡ್ ಅರ್ಜಿ ಹಾಕಬಹುದು. ಪ್ರೊಟೆಸ್ಟ್ ಅಂತ ಬರೆದಿದ್ದಾರಲ್ಲ. ಸುಲಭ.

ಕುಳಾಯಿ ಅಕ್ಕ · ಸೆಪ್ಟೆಂಬರ್ 4, ಸಂಜೆ 6:30

ರೀಫಂಡ್ ಅರ್ಜಿ ಈಗ ಹಾಕಿದರೆ ಸುಮ್ನೆ ತಳ್ಳಿಹಾಕುತ್ತಾರೆ. 2019ರಲ್ಲಿ ಐ.ಟಿ.ಸಿ. ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದೆ. ಅಸೆಸ್‌ಮೆಂಟ್ ಆರ್ಡರ್ ಬದಲಾಗದೆ ರೀಫಂಡ್ ಇಲ್ಲ. ನಾವೇ ಅಸೆಸ್ ಮಾಡಿಕೊಂಡ ಬಿಲ್ ಆಫ್ ಎಂಟ್ರಿಗೂ ಅದೇ ಮಾತು. ಇವರದ್ದಂತೂ ಕಾರಣ ಕೊಟ್ಟು ಬರೆದ ಆರ್ಡರ್. ಅದು ನಿಂತಿರುವಷ್ಟು ದಿನ 26 ಲಕ್ಷವೇ ಸರಿಯಾದ ಬೆಲೆ ಅಂತ ಲೆಕ್ಕ. ಹಾಗಿರುವಾಗ ರೀಫಂಡ್ ವಿಭಾಗದವರು ಯಾವ ಆಧಾರದಲ್ಲಿ ದುಡ್ಡು ಕೊಡುತ್ತಾರೆ? ಮೊದಲು ಅಪೀಲಿನಲ್ಲಿ ಗೆಲ್ಲಬೇಕು. ಗೆದ್ದ ತಾರೀಕಿನಿಂದ ಒಂದು ವರ್ಷದೊಳಗೆ ರೀಫಂಡ್ ಕೇಳಬೇಕು. ಪ್ರೊಟೆಸ್ಟ್ ಅಂತ ಬರೆದದ್ದು ಒಳ್ಳೆಯದೇ ಆಯಿತು. ಆದರೆ ಅದು ಅಪೀಲಿನ ಬದಲಿಗೆ ಆಗುವುದಿಲ್ಲ.

ಕ್ಲಿಯರೆನ್ಸ್ ಮುಗಿದ ಮೇಲೂ ಬ್ರೋಕರ್ ಬ್ರೋಕರೇನಾ ಅನ್ನುವ ನಿಮ್ಮ ಪ್ರಶ್ನೆ ಒಳ್ಳೆಯ ಪ್ರಶ್ನೆ. ವಾದ ಮಾಡಬಹುದು. ಆದರೆ ಗೆಲ್ಲುವುದು ಖಚಿತ ಇಲ್ಲದ ವಾದದ ಮೇಲೆ ಗಡುವು ಲೆಕ್ಕ ಹಾಕಬಾರದು.

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 5, ಬೆಳಿಗ್ಗೆ 10:00

ರಿಜಿಸ್ಟರ್ ಫೋಟೊ ಬಂತು. ಎದೆ ಧಸಕ್ಕೆಂದಿತು. ಜುಲೈ 18ಕ್ಕೆ ಅವರ ಆಫೀಸಿನ ಹುಡುಗ ಕಸ್ಟಮ್ಸ್ ಆಫೀಸಿನಿಂದ ಸಹಿ ಹಾಕಿ ತೆಗೆದುಕೊಂಡಿದ್ದಾನೆ. ಮೂರು ವಾರ ಅಲ್ಲೇ ಇತ್ತು. ಕೇಳಿದರೆ ‘ಆಟಿ ತಿಂಗಳು, ಸ್ಟಾಫ್ ಇರಲಿಲ್ಲ’ ಅನ್ನುತ್ತಾರೆ.

ಕುಳಾಯಿ ಅಕ್ಕ · ಸೆಪ್ಟೆಂಬರ್ 5, ಬೆಳಿಗ್ಗೆ 10:25

ಗಾಬರಿಯಾಗಬೇಡಿ, ಇನ್ನೂ ಸಮಯ ಉಂಟು. ಕೈಬೆರಳಲ್ಲಿ ಎಣಿಸೋಣ. ಆರ್ಡರ್ ತಲುಪಿದ ದಿನವನ್ನು ಬಿಡಬೇಕು, ಹಾಗಾಗಿ ಜುಲೈ 19 ಒಂದನೇ ದಿನ. ಜುಲೈ ಮುಗಿಯುವಾಗ 13 ದಿನ. ಆಗಸ್ಟ್ ಮುಗಿಯುವಾಗ 44. ಸೆಪ್ಟೆಂಬರ್ 16ಕ್ಕೆ 60. ನಿಮ್ಮ ಗಡುವು ಸೆಪ್ಟೆಂಬರ್ 16. ಎರಡು ತಿಂಗಳು ಅಂತ ಲೆಕ್ಕ ಹಾಕಿ 18 ಅಂದುಕೊಳ್ಳಬೇಡಿ. ಕಾಯಿದೆಯಲ್ಲಿ ದಿನ ಅಂತಲೇ ಉಂಟು, ತಿಂಗಳು ಅಂತಲ್ಲ.

ವಾಟ್ಸಾಪ್ ಬಂದ ಆಗಸ್ಟ್ 9ರಿಂದ ಎಣಿಸಿದರೆ ಅಕ್ಟೋಬರ್ 8 ಆಗುತ್ತಿತ್ತು. ಕಾಗದ ಬಂದ ದಿನದಿಂದ ಎಣಿಸಿದರೆ ಇನ್ನೂ ಮುಂದೆ. ಆ ಲೆಕ್ಕ ಇಟ್ಟುಕೊಂಡು ಕೂತಿದ್ದರೆ ಏನಾಗುತ್ತಿತ್ತು ನೋಡಿ.

ನಾನಾಗಿದ್ದರೆ ಸೆಪ್ಟೆಂಬರ್ 12ರೊಳಗೆ ಹಾಕುತ್ತೇನೆ. ಯಾಕೆಂದರೆ ಆರ್ಡರಿನ ಮೇಲಿನ ತಾರೀಕಿನಿಂದ ಎಣಿಸಿದರೂ 12ಕ್ಕೆ 60 ಆಗುತ್ತದೆ. ಆಗ ಯಾವತ್ತು ತಲುಪಿತು ಅನ್ನುವ ಜಗಳವೇ ಬರುವುದಿಲ್ಲ. ಅಷ್ಟಮಿ, ವಿಟ್ಲಪಿಂಡಿ ಅಂತ ಉಡುಪಿಯಲ್ಲಿ ವಕೀಲರು ಸಿಗದೆ ಹೋದರೆ ಕಷ್ಟ. ಅದಕ್ಕೂ ಮೊದಲೇ ಮುಗಿಸಿ.

ಮರದ ಮಿಲ್ ಗುರುಪುರ · ಸೆಪ್ಟೆಂಬರ್ 5, ಮಧ್ಯಾಹ್ನ 12:40

ಅಕ್ಕ ಹೇಳಿದ್ದನ್ನು ದಯವಿಟ್ಟು ಸಸಾರ ಮಾಡಬೇಡಿ. ನಾನು ಪೆಟ್ಟು ತಿಂದವನು. ಮರದ ದಿಮ್ಮಿ ತರಿಸಿದ್ದೆ. ಅಳತೆಯಲ್ಲಿ ವ್ಯತ್ಯಾಸ ಅಂತ ಆರ್ಡರ್ ಆಯಿತು. ಆರ್ಡರ್ ತಪ್ಪೇ ಇತ್ತು, ಈಗಲೂ ಹೇಳುತ್ತೇನೆ. ನಮಗೆ ಗೊತ್ತಿದ್ದ ಒಬ್ಬರು ಮೂರು ತಿಂಗಳು ಅಂದರು. ಅದನ್ನೇ ನಂಬಿ 97ನೇ ದಿನ ಹಾಕಿದೆ. ಅಮ್ಮನಿಗೆ ಆಪರೇಷನ್ ಆಗಿತ್ತು, ಆಸ್ಪತ್ರೆಯ ಕಾಗದವನ್ನೂ ಇಟ್ಟೆ. ಅಪೀಲ್ಸ್ ಆಫೀಸಿನಲ್ಲಿ ನನ್ನ ಅಳತೆಯ ಪಟ್ಟಿ ಬಿಚ್ಚಿಯೂ ನೋಡಲಿಲ್ಲ. ದಿನ ಎಣಿಸಿದರು, ವಜಾ ಮಾಡಿದರು.

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 5, ಮಧ್ಯಾಹ್ನ 1:05

ಅಯ್ಯೋ. ಕಾರಣ ಕೊಟ್ಟರೆ ತಡವಾದದ್ದನ್ನು ಮನ್ನಿಸುತ್ತಾರೆ ಅಂತ ಕೇಳಿದ್ದೆ?

ಕುಳಾಯಿ ಅಕ್ಕ · ಸೆಪ್ಟೆಂಬರ್ 5, ಮಧ್ಯಾಹ್ನ 3:00

ಮನ್ನಿಸುತ್ತಾರೆ, ಆದರೆ 30 ದಿನ ಮಾತ್ರ. 60 ಮುಗಿದ ಮೇಲೆ ಇನ್ನು 30. ಅದೂ ಸರಿಯಾದ ಕಾರಣ ತೋರಿಸಿದರೆ. ನಿಮಗೆ ಅದು ಅಕ್ಟೋಬರ್ 16ಕ್ಕೆ ಮುಗಿಯುತ್ತದೆ. 91ನೇ ದಿನ ಬಂದರೆ ಕಮಿಷನರ್‌ಗೆ ಮನಸ್ಸಿದ್ದರೂ ಅಧಿಕಾರ ಇಲ್ಲ. ಸಿಂಗ್ ಎಂಟರ್‌ಪ್ರೈಸಸ್ ಅನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ಅದು ಎಕ್ಸೈಸ್ ಕೇಸು, ಆದರೆ ಎರಡೂ ಕಾಯಿದೆಯ ಮಾತು ಒಂದೇ ತರ. ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ತಡವಾದರೂ ಮನ್ನಿಸಿದ್ದನ್ನು ನೋಡಿರುತ್ತೀರಿ, ಆ ದಾರಿ ಇಲ್ಲಿ ಮುಚ್ಚಿದೆ. ಟ್ರಿಬ್ಯೂನಲ್‌ಗೆ ಹೋಗುವ ಅಪೀಲಿನಲ್ಲಿ ಮಾತ್ರ ಇಷ್ಟು ಬಿಗಿ ಇಲ್ಲ. ಜನ ಅದನ್ನೂ ಇದನ್ನೂ ಬೆರೆಸಿಕೊಳ್ಳುತ್ತಾರೆ.

ಗುರುಪುರದವರಿಗೆ ಆದದ್ದು ಅದೇ. ಕಾರಣ ಎಷ್ಟು ದೊಡ್ಡದಿದ್ದರೂ 97 ದಿನ ಅಂದ ಕೂಡಲೇ ಬಾಗಿಲು ಹಾಕಿತು.

ಮರದ ಮಿಲ್ ಗುರುಪುರ · ಸೆಪ್ಟೆಂಬರ್ 5, ಮಧ್ಯಾಹ್ನ 3:20

ಹೈಕೋರ್ಟಿಗೆ ಹೋಗಿ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಅಲ್ಲೂ ಆಗುವುದಿಲ್ಲ ಅಂದರು. ಫೀಸು ಕೇಳಿ ಸುಮ್ಮನಾದೆ.

ಉಡುಪಿ ಲೆಕ್ಕಿಗ · ಸೆಪ್ಟೆಂಬರ್ 5, ರಾತ್ರಿ 8:50

ಮೊನ್ನೆ ನಾನು ಹೇಳಿದ್ದು ತಪ್ಪಾಯಿತು, ಕ್ಷಮಿಸಿ. ಜಿ.ಎಸ್.ಟಿ. ಕೆಲಸವೇ ಜಾಸ್ತಿ ಆಗಿ ಬಾಯಲ್ಲಿ ಅದೇ ಬರುತ್ತದೆ. ಆದರೆ ಒಂದು ಲೆಕ್ಕ ಹೇಳುತ್ತೇನೆ, ಇದರಲ್ಲಿ ನಾನು ತಪ್ಪುವುದಿಲ್ಲ.

ಆ 2,21,880ನ್ನು ಬಿಡಿಸಿ ನೋಡಿ. ಏರಿಸಿದ ಬೆಲೆ 8 ಲಕ್ಷ. ಈ ಮೆಷಿನಿಗೆ ಬೇಸಿಕ್ ಡ್ಯೂಟಿ ಏಳೂವರೆ ಪರ್ಸೆಂಟ್, ಅಂದರೆ 60,000. ಅದರ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್‌ಚಾರ್ಜ್, 6,000. ಮೂರೂ ಸೇರಿ 8,66,000. ಅದರ ಮೇಲೆ 18 ಪರ್ಸೆಂಟ್ ಐ.ಜಿ.ಎಸ್.ಟಿ., 1,55,880. ಈ ಐ.ಜಿ.ಎಸ್.ಟಿ. ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದಲ್ಲ? ನೀವು ಗೇರುಬೀಜಕ್ಕೆ ಜಿ.ಎಸ್.ಟಿ. ಹಾಕಿ ಮಾರುತ್ತೀರಿ. ಹಾಗಾದರೆ ನಿಮ್ಮ ಕಿಸೆಯಿಂದ ನಿಜವಾಗಿ ಹೋದದ್ದು 66,000 ಮಾತ್ರ. 66,000ಕ್ಕೆ ಬೆಂಗಳೂರಿಗೆ ಓಡಾಟ, ವಕೀಲರ ಫೀಸು. ಬೇಕಾ ಅಂತ ಯೋಚನೆ ಮಾಡಿ.

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 5, ರಾತ್ರಿ 9:30

ಹೌದಲ್ಲ! ಕ್ರೆಡಿಟ್ ಈಗಾಗಲೇ ತಗೊಂಡಿದ್ದೇನೆ. ಇದು ನನ್ನ ತಲೆಗೆ ಹೋಗಿಯೇ ಇರಲಿಲ್ಲ. ಎರಡು ಲಕ್ಷ ಹೋಯಿತು ಅಂತ ಮನೆಯಲ್ಲಿ ಎರಡು ತಿಂಗಳಿನಿಂದ ಬೈಸಿಕೊಳ್ಳುತ್ತಿದ್ದೇನೆ.

ಕುಳಾಯಿ ಅಕ್ಕ · ಸೆಪ್ಟೆಂಬರ್ 6, ಬೆಳಿಗ್ಗೆ 7:15

ಲೆಕ್ಕಿಗರು ಹೇಳಿದ್ದು ಸರಿ. ಗೆದ್ದರೂ ನಿಮಗೆ ಕೈಗೆ ಬರುವುದು ಆ 66,000. ಕ್ರೆಡಿಟ್ ತೆಗೆದುಕೊಂಡ ಐ.ಜಿ.ಎಸ್.ಟಿ.ಯನ್ನೇ ಮತ್ತೆ ರೀಫಂಡ್ ಕೇಳಲು ಆಗುವುದಿಲ್ಲ.

ಆದರೆ ನನ್ನ ಪ್ರಶ್ನೆ ಬೇರೆ. ಇದೇ ಕಂಪನಿಯಿಂದ ಇನ್ನೂ ಮೆಷಿನ್ ತರಿಸುತ್ತೀರಾ? ತರಿಸುವುದಾದರೆ ಈ ಆರ್ಡರ್ ನಿಮ್ಮ ಹಿಂದೆಯೇ ಬರುತ್ತದೆ. ಮುಂದಿನ ಸಲ ಬಿಲ್ ಆಫ್ ಎಂಟ್ರಿ ಹಾಕಿದಾಗ, ಹೋದ ಸಲ 13 ಲಕ್ಷ ಅಂತ ಆರ್ಡರ್ ಆಗಿದೆ, ನೀವು ಅಪೀಲೂ ಹಾಕಿಲ್ಲ ಅಂತ ಅದನ್ನೇ ತೋರಿಸಿ ಬೆಲೆ ಏರಿಸುತ್ತಾರೆ. ಆಗ ಲೆಕ್ಕ 66,000ದಲ್ಲಿ ನಿಲ್ಲುವುದಿಲ್ಲ. ಒಂದೇ ಸಲದ ಆಮದು ಆಗಿದ್ದರೆ ಬಿಟ್ಟುಬಿಡಿ ಅಂತ ನಾನೂ ಹೇಳುತ್ತಿದ್ದೆ.

ಮುಂಗಡ ಠೇವಣಿಯ ಚಿಂತೆ ಬೇಡ. ಮೊದಲ ಅಪೀಲಿಗೆ ವಿವಾದದ ಡ್ಯೂಟಿಯ ಏಳೂವರೆ ಪರ್ಸೆಂಟ್ ಕಟ್ಟಿರಬೇಕು. ನಿಮಗೆ 16,641 ಆಗುತ್ತದೆ. ನೀವು ಪೂರ್ತಿ ಕಟ್ಟಿಯೇ ಮಾಲು ಬಿಡಿಸಿದ್ದರಿಂದ ಬೇರೆ ಕಟ್ಟಬೇಕಾಗಿಲ್ಲ. ಆ ಚಲನ್ ಪ್ರತಿ ಇಟ್ಟು, ಇದರಲ್ಲೇ ಸೇರಿದೆ ಅಂತ ಒಂದು ಸಾಲು ಬರೆಯಿರಿ. ಆ ಸಾಲು ಇಲ್ಲದಿದ್ದರೆ ಅಪೀಲಿನಲ್ಲಿ ಕೊರತೆ ಉಂಟು ಅಂತ ಡಿಫೆಕ್ಟ್ ಮೆಮೊ ಕಳಿಸುತ್ತಾರೆ.

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 6, ಬೆಳಿಗ್ಗೆ 9:10

ಮುಂದಿನ ಸೀಸನ್ನಿಗೆ ಇನ್ನೂ ನಾಲ್ಕು ಮೆಷಿನ್ ತರಿಸುವ ಯೋಚನೆ ಉಂಟು. ಹಾಗಾಗಿ ಅಪೀಲು ಹಾಕಿಯೇ ಹಾಕುತ್ತೇನೆ. ಏನು ಬರೆಯಬೇಕು? ನನ್ನ ಬೆಲೆ ಸತ್ಯ ಅಂತ ಹೇಳಿದರೆ ಸಾಕಾಗುತ್ತದಾ?

ಕುಳಾಯಿ ಅಕ್ಕ · ಸೆಪ್ಟೆಂಬರ್ 6, ಬೆಳಿಗ್ಗೆ 11:40

ಸಾಕಾಗುವುದಿಲ್ಲ. ಸತ್ಯ ಅಂತ ಎಲ್ಲರೂ ಹೇಳುತ್ತಾರೆ. ಆಫೀಸರು ಎರಡು ಹೆಜ್ಜೆ ಇಟ್ಟಿದ್ದಾರೆ. ಒಂದೊಂದು ಹೆಜ್ಜೆಯೂ ಸರಿಯಾಗಿ ಇಟ್ಟಿದ್ದಾರಾ ಅಂತ ನೀವು ಕೇಳಬೇಕು.

ಮೊದಲ ಹೆಜ್ಜೆ ನಿಮ್ಮ ಬೆಲೆಯನ್ನು ತಿರಸ್ಕರಿಸಿದ್ದು. ನಿಯಮ 12ರಲ್ಲಿ ಅವರಿಗೆ ಅನುಮಾನ ಪಡುವ ಅಧಿಕಾರ ಉಂಟು. ಆದರೆ ಅನುಮಾನಕ್ಕೆ ಕಾರಣ ಬೇಕು, ಮತ್ತು ನೀವು ಕೇಳಿದರೆ ಆ ಕಾರಣವನ್ನು ಬರೆದು ಕೊಡಬೇಕು. ನಿಮ್ಮ ಆರ್ಡರಿನಲ್ಲಿ ‘ಬೆಲೆ ಕಡಿಮೆ ಕಾಣುತ್ತದೆ’ ಅನ್ನುವುದನ್ನು ಬಿಟ್ಟರೆ ಬೇರೆ ಕಾರಣ ಉಂಟಾ? ಬ್ಯಾಂಕ್ ಮೂಲಕ ಹೋದ ಹಣದ ಸ್ವಿಫ್ಟ್ ಕಾಗದವನ್ನು ನೋಡಿದ್ದಾರಾ? ನೋಡಿ ಅದು ಯಾಕೆ ಸಾಲದು ಅಂತ ಬರೆದಿದ್ದಾರಾ?

ಎರಡನೇ ಹೆಜ್ಜೆ 13 ಲಕ್ಷ ಎಲ್ಲಿಂದ ಬಂತು ಅನ್ನುವುದು. ನಿಯಮ 5 ಅಂದರೆ ಅದೇ ತರದ ಮಾಲನ್ನು ಬೇರೆಯವರು ತರಿಸಿದ ಬೆಲೆ. ಹಾಗೆ ಹೋಲಿಸಬೇಕಾದರೆ ಅದು ಅದೇ ದೇಶದ್ದಾಗಿರಬೇಕು, ಹೆಚ್ಚು ಕಡಿಮೆ ಅದೇ ಸಮಯಕ್ಕೆ ಬಂದಿರಬೇಕು. ಎಷ್ಟು ತರಿಸಿದರು ಅನ್ನುವುದನ್ನೂ ನೋಡಬೇಕು. ಮೆಷಿನ್ ಮಾಡುವ ಕೆಲಸವೂ ಅದೇ ಆಗಿರಬೇಕು. ಆರ್ಡರಿನ ನಡು ಪುಟಗಳಲ್ಲಿ ಆ ಇನ್ನೊಂದು ಬಿಲ್ ಆಫ್ ಎಂಟ್ರಿಯ ವಿವರ ಇರಬೇಕು. ಹುಡುಕಿ.

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 6, ಸಂಜೆ 7:30

ಹುಡುಕಿದೆ. ಐದನೇ ಪುಟದಲ್ಲಿ ಒಂದು ಟೇಬಲ್ ಉಂಟು. ಒಂದೇ ಮೆಷಿನ್, ಬೇರೆ ಬಂದರು. ವಿವರದಲ್ಲಿ ನೈಟ್ರೋಜನ್ ತುಂಬುವ ವ್ಯವಸ್ಥೆ ಇರುವ ವ್ಯಾಕ್ಯೂಮ್ ಮೆಷಿನ್ ಅಂತ ಬರೆದಿದೆ. ನನ್ನದರಲ್ಲಿ ನೈಟ್ರೋಜನ್ ಇಲ್ಲವೇ ಇಲ್ಲ! ಬರೀ ಗಾಳಿ ತೆಗೆದು ಸೀಲ್ ಮಾಡುತ್ತದೆ. ದುಡ್ಡು ಸಾಲದು ಅಂತಲೇ ಅದು ಬೇಡ ಅಂದಿದ್ದೆ. ಚೀನಾದವನ ಮೊದಲ ಕೊಟೇಶನ್ನಿನಲ್ಲಿ ಎರಡೂ ಮಾಡೆಲಿನ ಬೆಲೆ ಉಂಟು, ನೈಟ್ರೋಜನ್ ಇರುವುದು ತುಂಬಾ ಜಾಸ್ತಿ.

ಕುಳಾಯಿ ಅಕ್ಕ · ಸೆಪ್ಟೆಂಬರ್ 6, ರಾತ್ರಿ 8:00

ಇದೇ ನಿಮ್ಮ ಅಪೀಲು ಮಾರಾಯ್ರೆ. ಆ ಕೊಟೇಶನ್, ಎರಡೂ ಮಾಡೆಲಿನ ಕ್ಯಾಟಲಾಗ್, ನಿಮ್ಮ ಇನ್‌ವಾಯ್ಸ್, ಸ್ವಿಫ್ಟ್, ಫ್ಯಾಕ್ಟರಿಯಲ್ಲಿ ನಿಂತಿರುವ ಮೆಷಿನಿನ ನಾಮಫಲಕದ ಫೋಟೊ. ಅಷ್ಟನ್ನು ನಂಬರ್ ಹಾಕಿ ಜೋಡಿಸಿ. ಒಂದು ಕೇಳುತ್ತೇನೆ, ಈ ಕೊಟೇಶನ್ ಆಫೀಸರಿಗೆ ಮೊದಲೇ ಕೊಟ್ಟಿದ್ದಿರಾ?

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 6, ರಾತ್ರಿ 8:10

ಇಲ್ಲ. ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಕುಳಾಯಿ ಅಕ್ಕ · ಸೆಪ್ಟೆಂಬರ್ 6, ರಾತ್ರಿ 8:25

ಅದು ಸ್ವಲ್ಪ ತೊಡಕು. ಕೆಳಗೆ ಕೊಡದ ದಾಖಲೆಯನ್ನು ಅಪೀಲಿನಲ್ಲಿ ಹೊಸದಾಗಿ ಇಡಬೇಕಾದರೆ ಕಾರಣ ಹೇಳಬೇಕು. ಹೋಲಿಸಿದ ಮೆಷಿನ್ ಯಾವುದು ಅಂತ ಆರ್ಡರ್ ಬರುವ ತನಕ ನಿಮಗೆ ಯಾರೂ ಹೇಳಿರಲಿಲ್ಲ, ಅಲ್ವಾ? ಹೇಳಿದ್ದರೆ ಅವತ್ತೇ ಕೊಡುತ್ತಿದ್ದಿರಿ. ಅದನ್ನೇ ಬರೆಯಿರಿ. ಒಪ್ಪುತ್ತಾರಾ ಇಲ್ಲವಾ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ.

ಫಾರ್ಮ್ ಸಿ.ಎ.-1 ಎರಡು ಪ್ರತಿ ಬೇಕು. ಆರ್ಡರಿನ ಒಂದು ಪ್ರತಿ ಬೇಕು. ನಡೆದದ್ದೇನು ಅಂತ ಒಂದು ಭಾಗ, ಯಾಕೆ ತಪ್ಪು ಅಂತ ಇನ್ನೊಂದು ಭಾಗ. ಸಹಿ ನಿಮ್ಮದೇ ಇರಲಿ, ಸಿ.ಎಚ್.ಎ. ಸಹಿ ಹಾಕಿಸಬೇಡಿ. ‘ಆರ್ಡರ್ ತಲುಪಿದ ದಿನ’ ಅಂತ ಒಂದು ಕಾಲಂ ಉಂಟು. ಅಲ್ಲಿ ಆಗಸ್ಟ್ 20 ಅಂತ ಸುಳ್ಳು ಬರೆಯಬೇಡಿ. ಜುಲೈ 18ಕ್ಕೆ ಬ್ರೋಕರ್ ಕೈಗೆ, ಆಗಸ್ಟ್ 20ಕ್ಕೆ ನನ್ನ ಕೈಗೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅವರ ಫೈಲಿನಲ್ಲಿ ಆ ಹುಡುಗನ ಸಹಿ ಇದೆ.

ಪೋಸ್ಟ್ ಮಾಡುವುದಾದರೆ ಹಾಕಿದ ದಿನ ಲೆಕ್ಕಕ್ಕೆ ಬರುತ್ತದೆ ಅಂತ ನಂಬಬೇಡಿ. ಅಲ್ಲಿಗೆ ತಲುಪಬೇಕು.

ಹೆಜಮಾಡಿ ಟೈಲ್ಸ್ · ಸೆಪ್ಟೆಂಬರ್ 7, ಬೆಳಿಗ್ಗೆ 9:00

ಎಲ್ಲ ಓದಿದೆ. ನನ್ನದು ಇನ್ನೂ ಕೆಟ್ಟದು. ನನಗೆ ಆರ್ಡರೇ ಬರಲಿಲ್ಲ. ಬೆಲೆ ಏರಿಸಿದಾಗ ಡೆಮರೇಜ್ ಹೆದರಿಕೆಯಲ್ಲಿ ‘ಒಪ್ಪಿಗೆ ಇದೆ, ಬೇರೆ ಆರ್ಡರ್ ಬೇಡ’ ಅಂತ ಬರೆದು ಕೊಟ್ಟೆ. ಅದು ಆಗಿ 40 ದಿನ ಆಯಿತು. ನನಗೆ ಏನಾದರೂ ದಾರಿ ಉಂಟಾ?

ಬಂದರ್ ಪಾಸ್ · ಸೆಪ್ಟೆಂಬರ್ 7, ಬೆಳಿಗ್ಗೆ 9:35

ಇಲ್ಲ. ಒಪ್ಪಿ ಬರೆದು ಕೊಟ್ಟ ಮೇಲೆ ಮುಗಿಯಿತು. ನಾವು ಹೇಳಿಯೇ ಬರೆಸುತ್ತೇವೆ. ಪ್ರೊಟೆಸ್ಟ್ ಅಂತ ಬರೆಯಿರಿ ಅಂತ ಹೇಳಿದರೆ ಪಾರ್ಟಿಗಳೇ ಹೆದರುತ್ತಾರೆ, ಆಫೀಸರು ಮುಂದಿನ ಸಲ ಸತಾಯಿಸುತ್ತಾರೆ ಅಂತ.

ಕುಳಾಯಿ ಅಕ್ಕ · ಸೆಪ್ಟೆಂಬರ್ 7, ಬೆಳಿಗ್ಗೆ 10:20

ಅಷ್ಟು ಸುಲಭವಾಗಿ ಮುಗಿಯಿತು ಅನ್ನಲಾರೆ. ಆಮದುದಾರ ಬರೆದು ಒಪ್ಪದಿದ್ದರೆ ಮಾತ್ರ 15 ದಿನದಲ್ಲಿ ಕಾರಣ ಕೊಟ್ಟು ಆರ್ಡರ್ ಮಾಡಬೇಕು ಅಂತ 17ನೇ ಸೆಕ್ಷನ್ ಹೇಳುತ್ತದೆ. ನೀವು ಒಪ್ಪಿದ್ದರಿಂದ ಅದು ಬರಲಿಲ್ಲ. ಆದರೆ ಮರು ಅಸೆಸ್ ಮಾಡಿದ ಬಿಲ್ ಆಫ್ ಎಂಟ್ರಿಯೇ ಒಂದು ಆರ್ಡರ್. ಅದರ ಮೇಲೆ ಅಪೀಲು ಹಾಕಬಹುದು. ನಿಮಗೆ ಇನ್ನು 20 ದಿನ ಉಂಟು.

ಗೆಲ್ಲುವುದು ಬೇರೆ ಮಾತು. ಒಮ್ಮೆ ಒಪ್ಪಿದವನು ಮತ್ತೆ ತಕರಾರು ಮಾಡುವ ಹಾಗಿಲ್ಲ ಅಂತ ಹೇಳಿದ ಟ್ರಿಬ್ಯೂನಲ್ ತೀರ್ಪುಗಳು ಇವೆ. ಡೆಮರೇಜಿನ ಒತ್ತಡದಲ್ಲಿ ಬರೆದು ಕೊಟ್ಟದ್ದನ್ನು ಒಪ್ಪಿಗೆ ಅನ್ನಲಾಗದು ಅಂದ ತೀರ್ಪುಗಳೂ ಇವೆ. ನಾನು ಎರಡೂ ತರದ್ದನ್ನು ನೋಡಿದ್ದೇನೆ. ಒಪ್ಪಿಗೆ ಕೊಡುವ ಮೊದಲು ಬೆಲೆ ಸರಿಯಿದೆ ಅಂತ ನೀವು ಕಳಿಸಿದ ಇಮೇಲ್ ಏನಾದರೂ ಉಂಟಾ?

ಹೆಜಮಾಡಿ ಟೈಲ್ಸ್ · ಸೆಪ್ಟೆಂಬರ್ 7, ಬೆಳಿಗ್ಗೆ 10:50

ಒಂದು ಉಂಟು. ಒಪ್ಪಿಗೆ ಪತ್ರಕ್ಕೆ ಎರಡು ದಿನ ಮೊದಲಿನದ್ದು.

ಕುಳಾಯಿ ಅಕ್ಕ · ಸೆಪ್ಟೆಂಬರ್ 7, ಬೆಳಿಗ್ಗೆ 11:05

ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡು ಒಬ್ಬ ವಕೀಲರ ಹತ್ತಿರ ಹೋಗಿ. ಈ ವಾರವೇ.

ಬಂದರ್ ಪಾಸ್ · ಸೆಪ್ಟೆಂಬರ್ 7, ಮಧ್ಯಾಹ್ನ 12:15

ನನಗೆ ಇನ್ನೂ ನಂಬಿಕೆ ಇಲ್ಲ. ನೋಡೋಣ.

ಕಾರ್ಕಳದ ಗೇರುಬೀಜ · ಸೆಪ್ಟೆಂಬರ್ 11, ರಾತ್ರಿ 10:30

ಇವತ್ತು ಮಧ್ಯಾಹ್ನ ಬೆಂಗಳೂರಿನಲ್ಲಿ ಕೊಟ್ಟು ಬಂದೆ. ನಿನ್ನೆ ರಾತ್ರಿ ಕಾರ್ಕಳದಿಂದ ಬಸ್ಸು ಹತ್ತಿದ್ದೆ, ಈಗ ವಾಪಸ್ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೌಂಟರಿನಲ್ಲಿ ಕೂತವರು ಮೊದಲು ನೋಡಿದ್ದೇ ತಲುಪಿದ ದಿನದ ಕಾಲಂ. ಬೆರಳಲ್ಲಿ ಎಣಿಸಿ, ಪೆನ್ಸಿಲಿನಲ್ಲಿ 55 ಅಂತ ಬರೆದು ಸೀಲ್ ಹೊಡೆದರು. ಹಿಯರಿಂಗ್ ಯಾವಾಗ ಅಂತ ಕೇಳಿದೆ. ಇಮೇಲ್ ಬರುತ್ತದೆ ಅಂದರು.

ಅಪೀಲಿನಲ್ಲಿ ಸಿ.ಎಚ್.ಎ. ಇಮೇಲ್ ತೆಗೆದು ನನ್ನದೇ ಹಾಕಿದ್ದೇನೆ.

ಕುಳಾಯಿ ಅಕ್ಕ · ಸೆಪ್ಟೆಂಬರ್ 12, ಬೆಳಿಗ್ಗೆ 6:40

ಒಳ್ಳೆಯದಾಯಿತು. ಐಸ್‌ಗೇಟಿನಲ್ಲೂ ಇಮೇಲ್ ಬದಲಾಯಿಸಿ, ಅಲ್ಲಿ ಇನ್ನೂ ಅವರದ್ದೇ ಇರಬಹುದು. ಸೀಲ್ ಇರುವ ಪ್ರತಿಯ ಎರಡು ಜೆರಾಕ್ಸ್ ಮಾಡಿಸಿ. ಆ ನೇರಳೆ ಶಾಯಿ ನಮ್ಮ ಊರಿನ ತೇವಕ್ಕೆ ಒಂದು ಮಳೆಗಾಲ ಬಾಳುವುದಿಲ್ಲ.